ಹಾಡು ದೇವರದು, ವಿಡಿಯೊ ಯಾರದು?

ಯೂಟ್ಯೂಬ್‌ನ ಭಕ್ತಿಗೀತೆ ಚಾನೆಲ್‌ಗಳಲ್ಲಿ ವಿಡಿಯೊದ ಕೆಳಗೆ ಒಂದು ಮಾತು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಮೂಲ ಮಾಲೀಕರಿಗೆ ಕೃತಜ್ಞತೆಗಳು, ಕಾಪಿರೈಟ್ ಉಲ್ಲಂಘಿಸುವ ಉದ್ದೇಶ ನಮಗಿಲ್ಲ ಎನ್ನುವ ಮಾತು ಅದು. ಇನ್ನು ಕೆಲವರು ಅಷ್ಟನ್ನೂ ಬರೆಯುವುದಿಲ್ಲ. ಹಾಡಿದವರ ಹೆಸರಿರುವ ಭಾಗವನ್ನು ಕತ್ತರಿಸಿ, ಮೂಲೆಯಲ್ಲಿ ತಮ್ಮ ಲೋಗೊ ಅಂಟಿಸಿ, ಅದೇ ವಿಡಿಯೊವನ್ನು ತಮ್ಮದೆಂಬಂತೆ ಹಾಕಿಕೊಳ್ಳುತ್ತಾರೆ. ಕೇಳಿದರೆ ಬರುವ ಉತ್ತರ ಒಂದೇ: ದೇವರ ಹಾಡಿಗೆ ಎಂಥ ಹಕ್ಕು, ಎಷ್ಟು ಜನ ಕೇಳಿದರೆ ಅಷ್ಟು ಪುಣ್ಯವಲ್ಲವೇ?

ಈ ಉತ್ತರ ಕೇಳಿ ಹಾಡಿದವರು ತಬ್ಬಿಬ್ಬಾಗುತ್ತಾರೆ. ದೇವರ ಹೆಸರಿನಲ್ಲಿ ಹಾಡಿ ಹಕ್ಕಿನ ಮಾತಾಡುವುದು ಸಣ್ಣತನವೇನೋ ಎಂಬ ಹಿಂಜರಿಕೆ ಮೊದಲು. ಅದು ಕಳೆದ ಮೇಲೆ ಸಿಟ್ಟಿನಲ್ಲಿ ಬರೆಯುವ ಪತ್ರದಲ್ಲಿ ಇಲ್ಲದ ಹಕ್ಕನ್ನೆಲ್ಲ ಹೇಳಿಕೊಂಡು, ಪೊಲೀಸರ ಹೆಸರೆತ್ತಿ, ಕೊನೆಗೆ ನಮ್ಮ ಹೆಸರಾದರೂ ಹಾಕಿ ಎಂದು ಬೇಡಿಕೊಂಡಿರುತ್ತಾರೆ. ಅಂಥ ಪತ್ರ ಎಲ್ಲಿಯೂ ನಿಲ್ಲುವುದಿಲ್ಲ. ನಮ್ಮದಾಗಿರುವುದು ಯಾವುದು ಎಂದು ಗೆರೆ ಎಳೆದು, ಅಷ್ಟನ್ನೇ ಕೇಳುವ ಪತ್ರ ನಿಲ್ಲುತ್ತದೆ. ಆ ಗೆರೆ ಎಳೆಯುವುದು ಹೇಗೆ ಎಂಬುದನ್ನು ಒಂದು ಕಲ್ಪಿತ ಉದಾಹರಣೆ ಇಟ್ಟುಕೊಂಡು ನೋಡೋಣ.

ಮೈಸೂರಿನ ಉದಯಗಿರಿಯ ಒಂದು ಮನೆಯಲ್ಲಿ ಮೂವರು ಸೇರಿ ಶಿಶುನಾಳ ಶರೀಫರ ಒಂದು ತತ್ವಪದ ಹಾಡಿದರು ಎಂದುಕೊಳ್ಳಿ. ಹಾಡಿದವರು ಒಬ್ಬ ಶಾಲಾ ಶಿಕ್ಷಕಿ, ಹಾರ್ಮೋನಿಯಂ ಅವರ ತಮ್ಮನದು, ದಮ್ಮಡಿ ಪಕ್ಕದ ಮನೆಯವರದು. ಬಡಾವಣೆಯ ಫೋಟೊ ಸ್ಟುಡಿಯೊದವರಿಗೆ 4,000 ರೂಪಾಯಿ ಕೊಟ್ಟು ಚಿತ್ರೀಕರಣ ಮಾಡಿಸಿದರು. ವಿಡಿಯೊ 6 ನಿಮಿಷ 20 ಸೆಕೆಂಡ್. ಮೊದಲ 15 ಸೆಕೆಂಡ್ ಹೆಸರುಗಳ ಪಟ್ಟಿ. ತಿಂಗಳೊಪ್ಪತ್ತಿನಲ್ಲಿ ಇನ್ನೊಂದು ಚಾನೆಲ್‌ನಲ್ಲಿ ಅದೇ ಹಾಡು ಕಾಣಿಸಿಕೊಂಡಿತು. ಹೆಸರಿನ 15 ಸೆಕೆಂಡ್ ಮಾಯವಾಗಿತ್ತು. ಮೊದಲ 2 ನಿಮಿಷ 40 ಸೆಕೆಂಡ್ ಇವರದೇ ದೃಶ್ಯ, ಅನಂತರ ಎಲ್ಲಿಂದಲೋ ತಂದ ಗುಡಿ, ದರ್ಗಾಗಳ ಚಿತ್ರ. ಧ್ವನಿ ಮಾತ್ರ ಕೊನೆಯವರೆಗೂ ಇವರದೇ.

ಇಲ್ಲಿ ಯಾರದು ಏನು? ಪದದಿಂದ ಶುರು ಮಾಡಬೇಕು. ಶರೀಫರು ಬದುಕಿದ್ದು 1819ರಿಂದ 1889. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಸಾಹಿತ್ಯ ಮತ್ತು ಸಂಗೀತ ಕೃತಿಗಳ ಹಕ್ಕು ರಚಿಸಿದವರು ತೀರಿಕೊಂಡ ವರ್ಷದ ಮುಂದಿನ ಜನವರಿಯಿಂದ 60 ವರ್ಷ ಉಳಿಯುತ್ತದೆ. ಶರೀಫರ ಪದಗಳು ಇಂದು ಎಲ್ಲರ ಸೊತ್ತು. ಪುರಂದರದಾಸರು, ಕನಕದಾಸರು, ವಚನಕಾರರು ಎಲ್ಲರಿಗೂ ಇದೇ ಮಾತು. ಆ ಪದವನ್ನು ಇನ್ನೊಬ್ಬರು ಹಾಡಬಾರದು ಎಂದು ಹೇಳುವ ಹಕ್ಕು ಉದಯಗಿರಿಯ ಈ ಮೂವರಿಗೆ ಇಲ್ಲ. ಪತ್ರದಲ್ಲಿ 'ನಮ್ಮ ಹಾಡನ್ನು ಕದ್ದಿದ್ದೀರಿ' ಎಂದು ಬರೆದರೆ ಎದುರಿನವರಿಗೆ ಸುಲಭದ ಉತ್ತರ ಒದಗಿಸಿದಂತೆ. ಹಾಡು ಶರೀಫರದು, ನಿಮ್ಮದು ಹೇಗಾಯಿತು ಎಂದು ಅವರು ಕೇಳುತ್ತಾರೆ, ಅಷ್ಟರಮಟ್ಟಿಗೆ ಅವರ ಮಾತು ಸರಿಯೂ ಹೌದು.

ಇನ್ನು ಧಾಟಿ. ಹೆಚ್ಚಿನವರು ಎಡವುವುದು ಇಲ್ಲಿ. ಶರೀಫರ ಪದಗಳು ನಾಡಿನ ಮನೆ ಮನೆಗೆ ತಲುಪಿದ್ದರಲ್ಲಿ ಸಿ. ಅಶ್ವತ್ಥ್ ಅವರ ಸಂಗೀತದ ಪಾಲು ದೊಡ್ಡದು. ಅವರು ತೀರಿಕೊಂಡದ್ದು 2009ರಲ್ಲಿ. ಅವರು ಕಟ್ಟಿದ ಸಂಗೀತದ ಹಕ್ಕು 2069ರ ಕೊನೆಯವರೆಗೆ ಅವರ ವಾರಸುದಾರರದು ಅಥವಾ ಅವರಿಂದ ಹಕ್ಕು ಪಡೆದವರದು. ನಮ್ಮ ಮೂವರು ಭಜನಾ ಮೇಳಗಳಲ್ಲಿ ಹಿಂದಿನಿಂದ ಬಂದ ಧಾಟಿಯಲ್ಲಿ ಹಾಡಿದ್ದರೆ ತೊಡಕಿಲ್ಲ. ಅಶ್ವತ್ಥರ ಧಾಟಿಯಲ್ಲೇ ಹಾಡಿದ್ದರೆ, ಧಾಟಿ ನಮ್ಮದು ಎಂದು ಪತ್ರದಲ್ಲಿ ಬರೆಯುವಂತಿಲ್ಲ. ಅಷ್ಟೇ ಅಲ್ಲ, ಈ ಮೂವರ ಮೂಲ ವಿಡಿಯೊದ ಮೇಲೂ ಧಾಟಿಯ ಹಕ್ಕುದಾರರು ಹಕ್ಕು ಕೇಳಬಹುದು. ಹೀಗಾಗಿ ಇನ್ನೊಬ್ಬರ ಮೇಲೆ ದೂರು ಬರೆಯುವ ಮೊದಲು ಈ ಪ್ರಶ್ನೆಯನ್ನು ಮನೆಯೊಳಗೇ ಬಗೆಹರಿಸಿಕೊಳ್ಳಬೇಕು.

ಮೈಸೂರಿನದೇ ಇನ್ನೊಂದು ಜೋಡಿ ಹೆಸರು ಹೇಳಿದರೆ ಈ ಕಾಲದ ಲೆಕ್ಕ ಚೆನ್ನಾಗಿ ಮನಸ್ಸಿನಲ್ಲಿ ಉಳಿಯುತ್ತದೆ. ಮೈಸೂರು ವಾಸುದೇವಾಚಾರ್ಯರು ತೀರಿಕೊಂಡದ್ದು 1961ರಲ್ಲಿ, ಅವರ ಕೃತಿಗಳು 2022ರ ಜನವರಿ 1ರಿಂದ ಎಲ್ಲರಿಗೂ ಮುಕ್ತ. ಜಯಚಾಮರಾಜೇಂದ್ರ ಒಡೆಯರ್ ಅವರು ತೀರಿಕೊಂಡದ್ದು 1974ರಲ್ಲಿ. ಅವರ ದೇವೀಕೃತಿಗಳ ಹಕ್ಕಿನ ಅವಧಿ 2034ರ ಕೊನೆಯವರೆಗೆ ಇದೆ. ಒಂದೇ ಕಛೇರಿಯಲ್ಲಿ ಒಂದರ ಹಿಂದೆ ಒಂದು ಹಾಡುವ ಎರಡು ಕೃತಿಗಳಿಗೆ ಕಾನೂನು ಬೇರೆ ಬೇರೆ. ಉದಯಗಿರಿಯಲ್ಲಿ ನಾತ್ ಹಾಡುವವರಿಗೂ ಇದೇ ಅಳತೆ. ಬೂಸಿರಿಯ ಕಸೀದಾ ಬುರ್ದಾ 13ನೇ ಶತಮಾನದ್ದು, ಅದಕ್ಕೆ ಯಾರ ಅನುಮತಿಯೂ ಬೇಡ. ಇಂದಿನ ಕವಿಯೊಬ್ಬರು ಬರೆದ ನಾತ್ ಆದರೆ ಆ ಕವಿಯ ಒಪ್ಪಿಗೆ ಬೇಕು.

ಪದ ಅವರದಲ್ಲ, ಧಾಟಿ ಅವರದಲ್ಲ ಅಂದಮೇಲೆ ಈ ಮೂವರಿಗೆ ಉಳಿದದ್ದೇನು? ಬಹಳಷ್ಟು ಉಳಿದಿದೆ, ಪತ್ರದ ಬಲವೆಲ್ಲ ಇರುವುದು ಅದರಲ್ಲೇ. ಅಂದು ಆ ಕೋಣೆಯಲ್ಲಿ ಮುದ್ರಣವಾದ ಧ್ವನಿ ಕಾಯ್ದೆಯ ಕಣ್ಣಿನಲ್ಲಿ ಒಂದು ಪ್ರತ್ಯೇಕ ಕೃತಿ. ಚಿತ್ರೀಕರಿಸಿದ ದೃಶ್ಯ ಇನ್ನೊಂದು. ಪದ 19ನೇ ಶತಮಾನದ್ದಾದರೂ ಈ ಧ್ವನಿಮುದ್ರಣಕ್ಕೆ ಪ್ರಕಟವಾದ ವರ್ಷದ ಮುಂದಿನ ಜನವರಿಯಿಂದ 60 ವರ್ಷ ರಕ್ಷಣೆ ಇದೆ, ದೃಶ್ಯಕ್ಕೂ ಅಷ್ಟೇ. ಇದರ ಜೊತೆಗೆ ಹಾಡಿದವರಿಗೆ, ನುಡಿಸಿದವರಿಗೆ ಪ್ರದರ್ಶಕರ ಹಕ್ಕು ಎಂಬುದು ಬೇರೆಯೇ ಇದೆ. 2012ರ ತಿದ್ದುಪಡಿಯಲ್ಲಿ ಸೇರಿದ 38ಬಿ ಕಲಮು, ಪ್ರದರ್ಶಕರನ್ನು ಅವರ ಪ್ರದರ್ಶನದ ಪ್ರದರ್ಶಕರೆಂದು ಗುರುತಿಸಬೇಕು ಎಂಬ ಹಕ್ಕನ್ನು ಕೊಟ್ಟಿದೆ. ಹೆಸರಿನ 15 ಸೆಕೆಂಡ್ ಕತ್ತರಿಸಿದ್ದು ಈ ಕಲಮಿಗೆ ಮುಟ್ಟುತ್ತದೆ.

ಕ್ಯಾಮೆರಾ ಹಿಡಿದವರು ಸ್ಟುಡಿಯೊದವರಲ್ಲವೇ, ದೃಶ್ಯ ಅವರದಾಗುವುದಿಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಹಣ ಕೊಟ್ಟು, ತಮಗಾಗಿ ಮಾಡಿಸಿಕೊಂಡ ಚಿತ್ರೀಕರಣದ ಮೊದಲ ಮಾಲೀಕರು ಮಾಡಿಸಿದವರೇ ಎನ್ನುತ್ತದೆ 17ನೇ ಕಲಮು. ಬೇರೆ ಒಪ್ಪಂದ ಮಾಡಿಕೊಂಡಿದ್ದರೆ ಮಾತ್ರ ಇದು ಬದಲಾಗುತ್ತದೆ. ಆ 4,000 ರೂಪಾಯಿಯ ರಸೀದಿ ಅಥವಾ ಫೋನ್‌ಪೇ ದಾಖಲೆ ಈಗ ಕೆಲಸಕ್ಕೆ ಬರುತ್ತದೆ. ಅದೇ ಸ್ಟುಡಿಯೊದವರು ತಾವೇ ಮುಂದೆ ಬಂದು ತಮ್ಮ ಖರ್ಚಿನಲ್ಲಿ, ತಮ್ಮ ಚಾನೆಲ್‌ಗಾಗಿ ಹಾಡಿಸಿದ್ದರೆ ಚಿತ್ರದ ನಿರ್ಮಾಪಕರು ಅವರೇ, ದೂರು ಕೊಡಬೇಕಾದವರೂ ಅವರೇ. ಹಾಡಿದವರು ಪ್ರದರ್ಶಕರಾಗಿ ಹೆಸರು ಕೇಳಬಹುದು, ಆದರೆ ವಿಡಿಯೊದ ಮಾಲೀಕರೆಂದು ಸಹಿ ಹಾಕಬಾರದು. ಹಿನ್ನೆಲೆಗೆ ಎಲ್ಲಿಂದಲೋ ಇಳಿಸಿಕೊಂಡ ಕರೋಕೆ ಟ್ರ್ಯಾಕ್ ಹಾಕಿ ಹಾಡಿದ್ದರೂ ಎಚ್ಚರ ಬೇಕು. ಆ ವಾದ್ಯದ ಧ್ವನಿಯ ಮಾಲೀಕರು ಬೇರೆಯವರು. ಈ ಮೂವರು ಸ್ವತಃ ನುಡಿಸಿದ್ದರಿಂದ ಅವರ ಕೇಸು ಗಟ್ಟಿಯಾಗಿದೆ.

ದೇವರ ಹಾಡಿಗೆ ಹಕ್ಕೆಲ್ಲಿ ಎನ್ನುವವರು ಒಮ್ಮೊಮ್ಮೆ ಕಾಯ್ದೆಯನ್ನೇ ತೋರಿಸುತ್ತಾರೆ. 52ನೇ ಕಲಮಿನಲ್ಲಿ ಧಾರ್ಮಿಕ ಆಚರಣೆಗೆ ವಿನಾಯಿತಿ ಇರುವುದು ನಿಜ. ಪ್ರಾಮಾಣಿಕವಾಗಿ ನಡೆಯುವ ಧಾರ್ಮಿಕ ಸಮಾರಂಭದಲ್ಲಿ ಹಾಡನ್ನು ಹಾಡಿದರೆ, ಧ್ವನಿಮುದ್ರಣವನ್ನು ಕೇಳಿಸಿದರೆ ಅದು ಉಲ್ಲಂಘನೆಯಲ್ಲ. ಮದುವೆಯ ಮೆರವಣಿಗೆಯೂ ಇದರಲ್ಲಿ ಸೇರಿದೆ. ಗಣಪತಿ ಪೆಂಡಾಲಿನಲ್ಲಿ, ಉರುಸಿನಲ್ಲಿ ಈ ಮೂವರ ಹಾಡನ್ನು ಸ್ಪೀಕರಿಗೆ ಹಾಕಿದರೆ ಅವರು ತಡೆಯುವಂತಿಲ್ಲ, ತಡೆಯಬೇಕೆಂದು ಅನಿಸುವುದೂ ಇಲ್ಲ. ಆದರೆ ವಿಡಿಯೊವನ್ನು ಇಳಿಸಿಕೊಂಡು, ಕತ್ತರಿಸಿ, ತಮ್ಮ ಚಾನೆಲ್‌ನಲ್ಲಿ ಏರಿಸಿ, ಜಾಹೀರಾತಿನ ದುಡ್ಡು ಎಣಿಸುವುದು ಧಾರ್ಮಿಕ ಸಮಾರಂಭವಲ್ಲ. ಭಕ್ತಿಗಾಗಿ ಹಾಕಿದ್ದೇವೆ ಎಂಬ ಒಂದೇ ಮಾತು ಉಲ್ಲಂಘನೆಯನ್ನು ಅಳಿಸುವುದಿಲ್ಲ.

ಮೂಲ ಮಾಲೀಕರಿಗೆ ಕೃತಜ್ಞತೆ ಎಂಬ ಸಾಲೂ ಅದನ್ನು ಅಳಿಸುವುದಿಲ್ಲ. ಹೆಸರು ಹಾಕುವುದು ಅನುಮತಿಗೆ ಬದಲಲ್ಲ. ಇದಕ್ಕೆ ಒಂದು ಅಪವಾದವಿದೆ, ಅದನ್ನು ಪತ್ರ ಬರೆಯುವ ಮೊದಲೇ ಪರೀಕ್ಷಿಸಬೇಕು. ಯೂಟ್ಯೂಬ್‌ಗೆ ವಿಡಿಯೊ ಏರಿಸುವಾಗ License ಎಂಬ ಜಾಗದಲ್ಲಿ ಎರಡು ಆಯ್ಕೆಗಳಿರುತ್ತವೆ. ಮೊದಲೇ ಆಯ್ಕೆಯಾಗಿ ಬರುವುದು Standard YouTube License. ಎರಡನೆಯದು Creative Commons - Attribution. ಅರ್ಥ ತಿಳಿಯದೆ ಎರಡನೆಯದನ್ನು ಒತ್ತಿದವರು, ಹೆಸರು ಹಾಕಿದರೆ ಯಾರು ಬೇಕಾದರೂ ಮರುಬಳಸಬಹುದು ಎಂದು ಜಗತ್ತಿಗೇ ಅನುಮತಿ ಕೊಟ್ಟಿರುತ್ತಾರೆ. ಅಲ್ಲಿ ಮಾತ್ರ ಹೆಸರು ಹಾಕುವುದೇ ಷರತ್ತು. ಹೆಸರು ಹಾಕದಿದ್ದರೆ ಷರತ್ತು ಮುರಿದಂತೆ, ಹಾಕಿದ್ದರೆ ನಿಮಗೆ ದೂರಿಲ್ಲ. ಜನ ನಿಮ್ಮ ವಿಡಿಯೊದಿಂದ Remix ಗುಂಡಿ ಒತ್ತಿ ಮಾಡುವ ಶಾರ್ಟ್ಸ್ ಕೂಡ ಯೂಟ್ಯೂಬ್‌ನ ನಿಯಮದೊಳಗೇ ಬರುತ್ತವೆ. ಅವುಗಳನ್ನು ಕಳವು ಎಂದು ದೂರಬಾರದು.

ಇಷ್ಟು ತಿಳಿದ ಮೇಲೆ ಮೂವರೂ ಕೂತು ಒಂದು ವಿಷಯ ತೀರ್ಮಾನಿಸಬೇಕು. ವಿಡಿಯೊ ಹೋಗಬೇಕೇ, ಹೆಸರು ಬಂದರೆ ಸಾಕೇ? ಎರಡನ್ನೂ ಒಂದೇ ಪತ್ರದಲ್ಲಿ ತೇಲಿಸಿ ಬಿಡುವುದು ನನ್ನ ದೃಷ್ಟಿಯಲ್ಲಿ ಅತಿ ದೊಡ್ಡ ತಪ್ಪು. ಹೆಸರು ಹಾಕಿ, ಇಲ್ಲವಾದರೆ ತೆಗೆಯಿರಿ ಎಂದು ಬರೆದರೆ, ಹೆಸರು ಹಾಕಿದರೆ ಇಟ್ಟುಕೊಳ್ಳಬಹುದು ಎಂದು ಒಪ್ಪಿದಂತಾಯಿತು. ಅವರು ವಿವರಣೆಯ ಕೊನೆಯಲ್ಲಿ, ಯಾರೂ ತೆರೆದು ನೋಡದ ಜಾಗದಲ್ಲಿ, ನಿಮ್ಮ ಹೆಸರು ಸೇರಿಸಿ ಕೈ ತೊಳೆದುಕೊಳ್ಳುತ್ತಾರೆ. ಮುಂದೆ ನೀವು ಯೂಟ್ಯೂಬ್‌ಗೆ ದೂರು ಕೊಡುವಾಗ, ಈ ಬಳಕೆಗೆ ಅನುಮತಿ ಇಲ್ಲ ಎಂದು ಪ್ರಮಾಣ ಮಾಡಬೇಕಾಗುತ್ತದೆ. ನಿಮ್ಮ ಹಳೆಯ ಪತ್ರವೇ ಆಗ ನಿಮ್ಮ ವಿರುದ್ಧ ನಿಲ್ಲುತ್ತದೆ. ಹೆಸರು ಸಾಕು ಎಂದಾದರೆ ಅದನ್ನು ಅನುಮತಿ ಪತ್ರವಾಗಿ ಬರೆಯಿರಿ. ಯಾವ ಹೆಸರು, ಎಲ್ಲಿ, ಮೂಲ ವಿಡಿಯೊದ ಕೊಂಡಿ ಯಾವ ಸಾಲಿನಲ್ಲಿ, ಜಾಹೀರಾತು ಇರಬಹುದೇ, ಎಷ್ಟು ಕಾಲಕ್ಕೆ ಎಂದು ಸ್ಪಷ್ಟವಾಗಿ ಇರಲಿ. ಬೇಡ ಎಂದಾದರೆ ತೆಗೆಯಿರಿ ಎಂದಷ್ಟೇ ಬರೆಯಿರಿ.

ಪತ್ರಕ್ಕಿಂತ ಮೊದಲು ಸಾಕ್ಷ್ಯ ಉಳಿಸಿಕೊಳ್ಳಬೇಕು. ಪತ್ರ ತಲುಪಿದ ಗಂಟೆಯಲ್ಲೇ ಎದುರಿನವರು ವಿಡಿಯೊ ಅಳಿಸಿ, ವಾರದ ನಂತರ ಬೇರೆ ಹೆಸರಿನಲ್ಲಿ ಏರಿಸಬಹುದು. ವಿಡಿಯೊದ ವಿಳಾಸ, ಚಾನೆಲ್‌ನ @ ಹೆಸರು, ಏರಿಸಿದ ದಿನಾಂಕ, ವೀಕ್ಷಣೆಗಳ ಸಂಖ್ಯೆ ಇವೆಲ್ಲ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ, ವಿಡಿಯೊ ಪೂರ್ತಿ ಓಡಿಸಿ ಸ್ಕ್ರೀನ್ ರೆಕಾರ್ಡಿಂಗ್ ಮಾಡಿಕೊಳ್ಳಿ. ನಿಮ್ಮ ಕಡೆಯ ಮೂಲ ಫೈಲನ್ನು ಕ್ಯಾಮೆರಾ ಕಾರ್ಡಿನಿಂದ ನೇರವಾಗಿ ಪ್ರತಿ ಮಾಡಿ ಇಡಿ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಆಗಿ ಕಳಿಸಿಕೊಂಡ ಪ್ರತಿ ಕುಗ್ಗಿರುತ್ತದೆ, ಮುದ್ರಣದ ದಿನ ಸಮಯದ ವಿವರವೂ ಅದರಲ್ಲಿ ಉಳಿಯುವುದಿಲ್ಲ. ಕೃತಿಸ್ವಾಮ್ಯವನ್ನು ನೋಂದಾಯಿಸಿಲ್ಲವಲ್ಲ ಎಂದು ಹೆದರಬೇಕಿಲ್ಲ. ನೋಂದಣಿ ಕಡ್ಡಾಯವಲ್ಲ, ಇದ್ದರೆ ನ್ಯಾಯಾಲಯದಲ್ಲಿ ಅನುಕೂಲ ಅಷ್ಟೇ.

ಅದು ನಿಮ್ಮದೇ ಧ್ವನಿ, ಅದೇ ಪದವನ್ನು ಬೇರೆಯವರು ಹಾಡಿದ್ದಲ್ಲ ಎಂದು ತೋರಿಸುವುದು ಹೇಗೆ? ಮನೆಯ ಮುದ್ರಣದಲ್ಲಿ ಬೇಡವಾಗಿ ಸೇರಿಕೊಂಡ ಸದ್ದುಗಳು ಇಲ್ಲಿ ಕಾಪಾಡುತ್ತವೆ. ನಮ್ಮ ಉದಾಹರಣೆಯ ವಿಡಿಯೊದಲ್ಲಿ 3 ನಿಮಿಷ 10 ಸೆಕೆಂಡಿಗೆ ಬೀದಿಯಲ್ಲಿ ಹೋದ ಬೈಕಿನ ಹಾರ್ನ್ ಕೇಳುತ್ತದೆ. ಮರು ಏರಿಸಿದ ವಿಡಿಯೊದಲ್ಲಿ ಅದೇ ಹಾರ್ನ್ 2 ನಿಮಿಷ 55 ಸೆಕೆಂಡಿಗೆ ಬರುತ್ತದೆ, ಕತ್ತರಿಸಿದ 15 ಸೆಕೆಂಡಿನ ಅಂತರಕ್ಕೆ ಸರಿಯಾಗಿ. ಇಂಥ ಎರಡು ಮೂರು ಗುರುತು ಸಿಕ್ಕರೆ ವಾದಕ್ಕೆ ಎಡೆಯೇ ಇಲ್ಲ. ಪತ್ತೆಯಾಗದಿರಲೆಂದು ಕೆಲವರು ವೇಗವನ್ನು, ಶ್ರುತಿಯನ್ನು ತುಸು ಏರಿಸಿರುತ್ತಾರೆ. ಆಗ ಸೆಕೆಂಡುಗಳ ಅಂತರ ಸಮನಾಗಿ ಇರುವುದಿಲ್ಲ, ಪದದ ಯಾವ ಅಕ್ಷರದ ಮೇಲೆ ಹಾರ್ನ್ ಬರುತ್ತದೆಯೋ ಅದು ಮಾತ್ರ ಬದಲಾಗುವುದಿಲ್ಲ.

ಈಗ ಪತ್ರ. ಮೊದಲ ಪತ್ರ ಹೋಗಬೇಕಾದ್ದು ಆ ಚಾನೆಲ್‌ಗೆ. ಚಾನೆಲ್‌ನ ವಿವರಣೆಯಲ್ಲಿ ಇ-ಮೇಲ್ ಇದ್ದರೆ ಅಲ್ಲಿಗೆ ಬರೆಯಬೇಕು, ಕಾಮೆಂಟಿನಲ್ಲಿ ಜಗಳಕ್ಕೆ ಇಳಿಯಬಾರದು. ನಮ್ಮ ಮೂವರ ಪತ್ರ ಹೀಗಿದ್ದರೆ ಸಾಕು:

'ನಮಸ್ಕಾರ. ನಾವು ಮೈಸೂರಿನ ಉದಯಗಿರಿಯವರು. ಶಿಶುನಾಳ ಶರೀಫರ ತತ್ವಪದವೊಂದನ್ನು ನಾವು ಮೂವರು ಹಾಡಿ, ನುಡಿಸಿ, ನಮ್ಮ ಖರ್ಚಿನಲ್ಲಿ ಚಿತ್ರೀಕರಿಸಿ ನಮ್ಮ ಚಾನೆಲ್‌ನಲ್ಲಿ ಪ್ರಕಟಿಸಿದ್ದೇವೆ. ಅದರ ಕೊಂಡಿ ಮತ್ತು ದಿನಾಂಕ ಕೆಳಗಿದೆ. ನಿಮ್ಮ ಚಾನೆಲ್‌ನಲ್ಲಿ ಆಮೇಲೆ ಪ್ರಕಟವಾಗಿರುವ, ಕೆಳಗೆ ಕೊಂಡಿ ಕೊಟ್ಟಿರುವ ವಿಡಿಯೊದಲ್ಲಿ ಆರಂಭದಿಂದ 6 ನಿಮಿಷ 5 ಸೆಕೆಂಡಿನವರೆಗಿನ ಧ್ವನಿ ಪೂರ್ತಿಯಾಗಿ ನಮ್ಮ ಧ್ವನಿಮುದ್ರಣ. ಆರಂಭದಿಂದ 2 ನಿಮಿಷ 40 ಸೆಕೆಂಡಿನವರೆಗಿನ ದೃಶ್ಯವೂ ನಮ್ಮದೇ. ನಮ್ಮ ಹೆಸರುಗಳಿದ್ದ ಭಾಗವನ್ನು ತೆಗೆಯಲಾಗಿದೆ. ಪದ ಶರೀಫರದು, ಅದರ ಮೇಲೆ ನಾವು ಹಕ್ಕು ಹೇಳುತ್ತಿಲ್ಲ. ನಮ್ಮ ಧ್ವನಿಮುದ್ರಣ, ದೃಶ್ಯ ಮತ್ತು ಪ್ರದರ್ಶನವನ್ನು ಬಳಸಲು ನಾವು ನಿಮಗೆ ಅನುಮತಿ ಕೊಟ್ಟಿಲ್ಲ. ಈ ಪತ್ರ ತಲುಪಿದ 7 ದಿನಗಳೊಳಗೆ ಆ ವಿಡಿಯೊವನ್ನು ತೆಗೆದು ನಮಗೆ ತಿಳಿಸಬೇಕೆಂದು ಕೋರುತ್ತೇವೆ. ನಿಮಗೆ ಬೇರೆ ಯಾರಾದರೂ ಅನುಮತಿ ಕೊಟ್ಟಿದ್ದರೆ ಅದರ ಪ್ರತಿ ಕಳಿಸಿ. ತೆಗೆಯದಿದ್ದರೆ ಯೂಟ್ಯೂಬ್‌ಗೆ ಕೃತಿಸ್ವಾಮ್ಯದ ದೂರು ಸಲ್ಲಿಸುತ್ತೇವೆ.'

ಪದದ ಮೇಲೆ ಹಕ್ಕು ಹೇಳುತ್ತಿಲ್ಲ ಎಂಬ ವಾಕ್ಯವನ್ನು ಬಿಡಬಾರದು. ಎದುರಿನವರು ಹೇಳಬಹುದಾದ ಏಕೈಕ ಗಟ್ಟಿ ಮಾತನ್ನು ಅದು ಮೊದಲೇ ತೆಗೆದುಹಾಕುತ್ತದೆ. ಬೇರೆಯವರ ಅನುಮತಿ ಇದ್ದರೆ ಕಳಿಸಿ ಎಂಬ ವಾಕ್ಯವೂ ಬೇಕು. ಮೂವರಲ್ಲಿ ಒಬ್ಬರು, ಸಾಮಾನ್ಯವಾಗಿ ತಮ್ಮನೋ ಪಕ್ಕದ ಮನೆಯವರೋ, ಹಾಕಿಕೊಳ್ಳಿ ಪರವಾಗಿಲ್ಲ ಎಂದು ಫೋನಿನಲ್ಲಿ ಹೇಳಿಬಿಟ್ಟಿರುತ್ತಾರೆ. ಆ ಸಂಗತಿ ದೂರು ಕೊಡುವ ಮೊದಲೇ ತಿಳಿಯುವುದು ಒಳ್ಳೆಯದು. ಇನ್ನು, ಪತ್ರದಲ್ಲಿ ಜೈಲು, ಪೊಲೀಸ್, ಲಕ್ಷಗಟ್ಟಲೆ ಪರಿಹಾರ ಇಲ್ಲ ಎಂಬುದನ್ನು ಗಮನಿಸಿ. ಕಾಯ್ದೆಯ 63ನೇ ಕಲಮಿನಲ್ಲಿ ಸೆರೆವಾಸದ ಶಿಕ್ಷೆ ಇದೆ. ಆದರೆ 60ನೇ ಕಲಮಿನಲ್ಲಿ, ಆಧಾರವಿಲ್ಲದೆ ಕಾನೂನು ಕ್ರಮದ ಬೆದರಿಕೆ ಹಾಕಿದವರ ಮೇಲೆ ಬೆದರಿಕೆಗೆ ಒಳಗಾದವರೇ ದಾವೆ ಹೂಡಬಹುದು ಎಂದೂ ಇದೆ. ಧಾಟಿ ತನ್ನದಲ್ಲದೆ ತನ್ನದೆಂದು ಗದರಿಸಿದವರು ಈ ಕಲಮಿನ ಬಾಯಿಗೆ ಬೀಳುತ್ತಾರೆ.

ಒಂದು ವಿಡಿಯೊಗಾಗಿ ಇಡೀ ಚಾನೆಲ್ಲನ್ನೇ ಮುಚ್ಚಿಸಿ ಎಂದು ಕೇಳುವುದೂ ಸಲ್ಲದು. ನಮ್ಮ ರಾಜ್ಯದಲ್ಲೇ ಇದಕ್ಕೆ ನಿದರ್ಶನವಿದೆ. 2022ರ ನವೆಂಬರ್‌ನಲ್ಲಿ ಕೆಜಿಎಫ್ 2 ಚಿತ್ರದ ಸಂಗೀತವನ್ನು ಭಾರತ್ ಜೋಡೊ ಯಾತ್ರೆಯ ವಿಡಿಯೊಗಳಿಗೆ ಬಳಸಿದ್ದಾರೆಂದು ಎಂಆರ್‌ಟಿ ಮ್ಯೂಸಿಕ್ ಸಂಸ್ಥೆ ದಾವೆ ಹೂಡಿತು. ಬೆಂಗಳೂರಿನ ವಾಣಿಜ್ಯ ನ್ಯಾಯಾಲಯ ಕಾಂಗ್ರೆಸ್ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನೇ ತಡೆಹಿಡಿಯಲು ಆದೇಶಿಸಿತು. ಮರುದಿನವೇ ಕರ್ನಾಟಕ ಹೈಕೋರ್ಟ್ ಆ ಆದೇಶವನ್ನು ಬದಿಗಿಟ್ಟಿತು, ಆಕ್ಷೇಪಿತ ತುಣುಕುಗಳನ್ನು ತೆಗೆಯಬೇಕೆಂಬ ಷರತ್ತಿನೊಂದಿಗೆ. ದೊಡ್ಡ ಸಂಸ್ಥೆಗೂ ಕೊನೆಗೆ ಸಿಕ್ಕಿದ್ದು ತುಣುಕು ತೆಗೆಸುವ ಪರಿಹಾರ. ಉದಯಗಿರಿಯ ಮೂವರೂ ಅದನ್ನೇ ಕೇಳಲಿ.

ಏಳು ದಿನ ಕಳೆದರೂ ಉತ್ತರವಿಲ್ಲದಿದ್ದರೆ ಯೂಟ್ಯೂಬ್‌ನ ದಾರಿ. ಕಂಪ್ಯೂಟರ್‌ನಲ್ಲಿ YouTube Studio ತೆರೆದರೆ ಕಾಪಿರೈಟ್ ದೂರಿನ ಅರ್ಜಿ ಸಲ್ಲಿಸುವ ಆಯ್ಕೆ ಅಲ್ಲಿರುತ್ತದೆ. ಇಲ್ಲಿ ಕೊಡಬೇಕಾದ್ದು ನಿರ್ದಿಷ್ಟ ವಿಡಿಯೊದ ವಿಳಾಸ, ಅಂದರೆ youtube.com/watch?v= ಎಂದು ಶುರುವಾಗುವ ಪೂರ್ತಿ ಸಾಲು. ಚಾನೆಲ್‌ನ ವಿಳಾಸ ಕೊಟ್ಟರೆ ಪ್ರಯೋಜನವಿಲ್ಲ. ಹಲವು ವಿಡಿಯೊಗಳಿದ್ದರೆ ಒಂದೇ ಅರ್ಜಿಯಲ್ಲಿ ಸೇರಿಸಬಹುದು. ಪೂರ್ತಿ ವಿಡಿಯೊವೋ, ಯಾವ ನಿಮಿಷದಿಂದ ಯಾವ ನಿಮಿಷದವರೆಗೋ ಎಂಬುದನ್ನು ಹೇಳಬೇಕು. ಕೊನೆಯಲ್ಲಿ ಬರುವ ಘೋಷಣೆಗಳನ್ನು ಓದದೆ ಟಿಕ್ ಮಾಡಬೇಡಿ. ಕೊಟ್ಟ ಮಾಹಿತಿ ಸರಿ, ನಾನೇ ಹಕ್ಕುದಾರ ಅಥವಾ ಹಕ್ಕುದಾರರ ಅಧಿಕೃತ ಪ್ರತಿನಿಧಿ ಎಂದು ಸುಳ್ಳು ಪ್ರಮಾಣದ ಶಿಕ್ಷೆಗೆ ಒಳಪಟ್ಟು ಹೇಳುವ ಮಾತು ಅಲ್ಲಿದೆ. ಈ ವ್ಯವಸ್ಥೆ ನಡೆಯುವುದು 1998ರ ಅಮೆರಿಕದ ಡಿಎಂಸಿಎ ಕಾನೂನಿನ ಚೌಕಟ್ಟಿನಲ್ಲಿ. ಸಹಿಯಾಗಿ ಪೂರ್ಣ ಹೆಸರನ್ನು ಟೈಪಿಸಬೇಕು.

ಹಕ್ಕುದಾರರ ಹೆಸರು ಮತ್ತು ಅರ್ಜಿಯಲ್ಲಿ ಕೊಟ್ಟ ಇ-ಮೇಲ್ ಎದುರಿನವರಿಗೆ ತಲುಪುತ್ತವೆ. ತೆಗೆದುಹಾಕಿದ ವಿಡಿಯೊದ ಜಾಗದಲ್ಲಿಯೂ ಹಕ್ಕುದಾರರ ಹೆಸರು ಕಾಣುತ್ತದೆ. ಹಾಡುವ ಹೆಣ್ಣುಮಕ್ಕಳು ಈ ಮಾತನ್ನು ವಿಶೇಷವಾಗಿ ಗಮನದಲ್ಲಿಡಬೇಕು. ಸ್ವಂತ ಇ-ಮೇಲ್ ಕೊಡುವ ಬದಲು ಚಾನೆಲ್ಲಿಗೆಂದೇ ಒಂದು ಇ-ಮೇಲ್ ಮಾಡಿಕೊಂಡು ಅದನ್ನು ಕೊಡುವುದು ಕ್ಷೇಮ.

ಅರ್ಜಿಯಲ್ಲಿ ಕೂಡಲೇ ತೆಗೆಸುವುದೋ, 7 ದಿನದ ಗಡುವು ಕೊಟ್ಟು ತೆಗೆಸುವುದೋ ಎಂದು ಆರಿಸಿಕೊಳ್ಳಲು ಅವಕಾಶವಿದೆ. ಗಡುವಿನೊಳಗೆ ಎದುರಿನವರು ತಾವೇ ತೆಗೆದರೆ ಅವರ ಚಾನೆಲ್‌ಗೆ ಕಾಪಿರೈಟ್ ಸ್ಟ್ರೈಕ್ ಬೀಳುವುದಿಲ್ಲ. ಕೂಡಲೇ ತೆಗೆಸಿದರೆ ಬೀಳುತ್ತದೆ. 90 ದಿನಗಳೊಳಗೆ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ ಮುಚ್ಚಿಹೋಗಬಹುದು. ಯಾವುದೋ ಹಳ್ಳಿಯ ಭಜನಾ ಮಂಡಳಿ ತಿಳಿಯದೆ ಹಾಕಿಕೊಂಡಿದ್ದರೆ ಗಡುವಿನ ದಾರಿ ಹಿಡಿಯುವುದೇ ಮನುಷ್ಯತ್ವ. ಹತ್ತಾರು ಗಾಯಕರ ವಿಡಿಯೊಗಳನ್ನು ಕತ್ತರಿಸಿ ಅಂಟಿಸಿ ದುಡ್ಡು ಮಾಡುವ ಚಾನೆಲ್ ಆಗಿದ್ದರೆ, ಮೊದಲ ಪತ್ರಕ್ಕೂ ಬೆಲೆ ಕೊಡದಿದ್ದರೆ, ಇನ್ನೊಂದು ಗಡುವಿಗೆ ಅರ್ಥವಿಲ್ಲ. ಅದೇ ಅರ್ಜಿಯಲ್ಲಿ, ಇದೇ ವಿಡಿಯೊದ ಪ್ರತಿಗಳು ಮುಂದೆ ಏರದಂತೆ ತಡೆಯುವ ಆಯ್ಕೆಯೂ ಇರುತ್ತದೆ. ಅದು ಪೂರ್ತಿ ವಿಡಿಯೊದ ಯಥಾಪ್ರತಿಗಳನ್ನು ಹಿಡಿಯುತ್ತದೆ. ಧ್ವನಿ ಮಾತ್ರ ಉಳಿಸಿ ಚಿತ್ರ ಬದಲಿಸಿದವರನ್ನು ಕಣ್ಣಿಟ್ಟು ನೀವೇ ಹುಡುಕಬೇಕು.

ದೂರು ಸರಿ ಕಂಡರೆ ವಿಡಿಯೊ ಇಳಿಯುತ್ತದೆ. ಅಲ್ಲಿಗೆ ಮುಗಿಯಿತು ಎಂದುಕೊಳ್ಳಬಾರದು. ಎದುರಿನವರು ಪ್ರತಿ ಅರ್ಜಿ ಹಾಕಬಹುದು, ಅದರಲ್ಲಿ ಅವರ ಹೆಸರು ವಿಳಾಸ ಇರಲೇಬೇಕು. ಆ ಅರ್ಜಿಯನ್ನು ಯೂಟ್ಯೂಬ್ ನಿಮಗೆ ಕಳಿಸುತ್ತದೆ. ಅಲ್ಲಿಂದ ಅಮೆರಿಕದ ಲೆಕ್ಕದ 10 ಕೆಲಸದ ದಿನಗಳೊಳಗೆ ನೀವು ನ್ಯಾಯಾಲಯದಲ್ಲಿ ದಾವೆ ಹೂಡಿದ ದಾಖಲೆ ಕೊಡಬೇಕು, ಇಲ್ಲವಾದರೆ ವಿಡಿಯೊ ಮರಳಿ ಬರುತ್ತದೆ. ಹಕ್ಕು ಯಾರದು ಎಂಬ ತೀರ್ಪನ್ನು ಯೂಟ್ಯೂಬ್ ಕೊಡುವುದಿಲ್ಲ, ಹೆಸರು ಹಾಕಿಲ್ಲ ಎಂಬ ತಕರಾರಿನಲ್ಲಿ ಮಧ್ಯಸ್ಥಿಕೆಯನ್ನೂ ವಹಿಸುವುದಿಲ್ಲ. 38ಬಿ ಕಲಮಿನ ಹೆಸರಿನ ಹಕ್ಕನ್ನು ಕೇಳಬೇಕಾದ್ದು ನ್ಯಾಯಾಲಯದಲ್ಲಿ. ದಾವೆಗಾಗಿ ಎದುರಿನವರ ಊರಿಗೆ ಅಲೆಯಬೇಕಿಲ್ಲ. 62ನೇ ಕಲಮು ಹಕ್ಕುದಾರರು ವಾಸವಿರುವ ಜಾಗದ ಜಿಲ್ಲಾ ನ್ಯಾಯಾಲಯದಲ್ಲೇ ದಾವೆ ಹೂಡಲು ಅವಕಾಶ ಕೊಟ್ಟಿದೆ. ಉದಯಗಿರಿಯವರಿಗೆ ಅದು ಮೈಸೂರಿನಲ್ಲೇ.

ಇಂಥ ಅರ್ಜಿ ನಮೂನೆಯೇ ಇಲ್ಲದ ಸಣ್ಣ ಜಾಲತಾಣದಲ್ಲಿ ವಿಡಿಯೊ ಕಂಡರೆ ಭಾರತದ 2013ರ ಕೃತಿಸ್ವಾಮ್ಯ ನಿಯಮಗಳಲ್ಲಿ 75ನೆಯದನ್ನು ಆಧರಿಸಿ ಆ ತಾಣ ನಡೆಸುವವರಿಗೆ ಬರೆಯಬಹುದು. ಕೃತಿಯ ವಿವರ, ನೀವೇ ಹಕ್ಕುದಾರರೆಂಬುದಕ್ಕೆ ಆಧಾರ, ಪ್ರತಿ ಇರುವ ವಿಳಾಸ, 52ನೇ ಕಲಮಿನ ವಿನಾಯಿತಿ ಏಕೆ ಅನ್ವಯಿಸದು ಎಂಬುದು ಅದರಲ್ಲಿರಬೇಕು. ಪತ್ರ ಸರಿಯಾಗಿದ್ದರೆ ಅವರು 36 ಗಂಟೆಗಳೊಳಗೆ ಕ್ರಮ ಕೈಗೊಂಡು 21 ದಿನ ಅದನ್ನು ತಡೆಹಿಡಿಯಬೇಕು. ಆ 21 ದಿನಗಳಲ್ಲಿ ದಾವೆ ಹೂಡಿ ನ್ಯಾಯಾಲಯದ ಆದೇಶ ತರುತ್ತೇನೆಂಬ ಮುಚ್ಚಳಿಕೆಯನ್ನು ನೀವು ಪತ್ರದಲ್ಲೇ ಕೊಡಬೇಕಾಗುತ್ತದೆ. ವಕೀಲರ ಫೀಸಿಗೆ ತಯಾರಿಲ್ಲದವರು ಈ ದಾರಿ ಹಿಡಿಯುವ ಮುನ್ನ ಯೋಚಿಸಬೇಕು.

ದೂರಿನ ನಂತರ ಎದುರಿನವರು ತಪ್ಪೊಪ್ಪಿಕೊಂಡು ಬರೆದರೆ, ಅವರನ್ನು ನಂಬಬಹುದು ಅನ್ನಿಸಿದರೆ, ಸಲ್ಲಿಸಿದ ದೂರನ್ನು ನೀವು ಹಿಂತೆಗೆದುಕೊಳ್ಳಬಹುದು. ಹಾಗೆ ಮಾಡಿದಾಗ ಸ್ಟ್ರೈಕ್ ಹೋಗುತ್ತದೆ, ಜೊತೆಗೆ ವಿಡಿಯೊ ಮರಳಿ ಬರುವ ದಾರಿಯೂ ತೆರೆಯುತ್ತದೆ. ಹಾಗಾಗಿ ವಿಡಿಯೊವನ್ನು ಮತ್ತೆಂದೂ ಹಾಕುವುದಿಲ್ಲ ಎಂಬ ಮಾತನ್ನು ಇ-ಮೇಲ್‌ನಲ್ಲಿ ಬರೆಸಿಕೊಂಡ ಮೇಲೆಯೇ ದೂರನ್ನು ಹಿಂಪಡೆಯಿರಿ.